ಪ್ರಭೇದ–ವಿಸ್ತೀರ್ಣ ಸಂಬಂಧ: ಲಾಗ್ ಅಳತೆಯಲ್ಲಿ ಗೆರೆ ಎಳೆಯುವುದು ಹೇಗೆ, ಕಾಡಿನ ತುಣುಕುಗಳಿಗೆ ಅದರ ಇಳಿಜಾರನ್ನು ಓದುವುದು ಹೇಗೆ

“ಕಾಡಿನ ತುಣುಕುಗಳಲ್ಲಿ ಮರಗಳನ್ನು ಎಣಿಸಿದ್ದೇವೆ, ಲಾಗ್ ತೆಗೆದು ಗೆರೆ ಎಳೆದಿದ್ದೇವೆ, ಇಳಿಜಾರು 0.19 ಬಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ?” ಸ್ನಾತಕೋತ್ತರ ವಿದ್ಯಾರ್ಥಿಗಳಿಂದ, ಊರಿನ ಜೀವವೈವಿಧ್ಯ ದಾಖಲಾತಿಗೆ ಇಳಿದ ಹವ್ಯಾಸಿಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗೆರೆ ಎಳೆಯುವುದು ಐದು ನಿಮಿಷದ ಕೆಲಸ. ಆದರೆ ಅದೇ ತುಣುಕುಗಳಿಂದ, ಅದೇ ಮರಗಳಿಂದ 0.19 ಕೂಡ ಬರಬಹುದು, 0.34 ಕೂಡ ಬರಬಹುದು, ಎರಡೂ ಸರಿಯಾಗಿರಬಹುದು. ಅದು ಹೇಗೆ ಎಂದು ತಿಳಿದರೆ ಇಳಿಜಾರನ್ನು ಓದಲು ಬಂದಂತೆ. ಆದ್ದರಿಂದ ಒಂದೇ ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ.

ಉದಾಹರಣೆ ಕೊಡಗಿನ ದೇವರಕಾಡುಗಳದು. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ, ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್ ಎಂದು ದಾಖಲೆಗಳು ಹೇಳುತ್ತವೆ. ಅಂದರೆ ಸರಾಸರಿ ಒಂದಕ್ಕೆ ಎರಡು ಹೆಕ್ಟೇರಿಗಿಂತ ತುಸು ಹೆಚ್ಚು. ಕೆಲವು ದೊಡ್ಡವು, ಬಹುಪಾಲು ಚಿಕ್ಕವು, ಸುತ್ತ ಕಾಫಿ ತೋಟ ಮತ್ತು ಗದ್ದೆ. ವಿಸ್ತೀರ್ಣದಲ್ಲಿ ಇಷ್ಟು ಅಂತರವಿರುವ ಕಾಡಿನ ತುಣುಕುಗಳು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಕೆಳಗಿನ ಹತ್ತು ಕಾಡುಗಳ ಅಂಕಿಗಳು ಯಾವುದೇ ಊರಿನ ನಿಜವಾದ ಎಣಿಕೆಯಲ್ಲ, ಅಭ್ಯಾಸಕ್ಕೆಂದು ನಾನೇ ಕಟ್ಟಿದವು. ಅವನ್ನು ಯಾವ ವರದಿಯಲ್ಲೂ ಉಲ್ಲೇಖಿಸಬೇಡಿ. ಅವುಗಳ ಮೇಲೆ ಮಾಡಿದ ಲೆಕ್ಕ ಮಾತ್ರ ನಿಜ, ನೀವೇ ಮಾಡಿ ತಾಳೆ ನೋಡಬಹುದು.

ಸೂತ್ರ ಏನು ಹೇಳುತ್ತದೆ

ಸ್ವೀಡನ್ನಿನ ಓಲೋಫ್ ಅರೇನಿಯಸ್ 1921ರಲ್ಲಿ ಮುಂದಿಟ್ಟ ಸಂಬಂಧ ಇದು:

```
S = c * A^z
log S = log c + z * log A
```

S ಎಂದರೆ ಪ್ರಭೇದಗಳ ಸಂಖ್ಯೆ, A ವಿಸ್ತೀರ್ಣ. ಮೊದಲ ಸಾಲು ಬಾಗಿದ ಗೆರೆ: ವಿಸ್ತೀರ್ಣ ಏರಿದಂತೆ ಪ್ರಭೇದಗಳು ಏರುತ್ತವೆ, ಆದರೆ ಏರಿಕೆ ನಿಧಾನವಾಗುತ್ತ ಹೋಗುತ್ತದೆ. ಎರಡೂ ಕಡೆ ಲಾಗ್ ತೆಗೆದರೆ ಆ ಬಾಗು ನೆಟ್ಟಗಾಗಿ ಎರಡನೆಯ ಸಾಲು ಸಿಗುತ್ತದೆ. ಅದರ ಇಳಿಜಾರೇ z. ಇನ್ನು c ಎಂದರೆ ಒಂದು ಘಟಕ ವಿಸ್ತೀರ್ಣದಲ್ಲಿ, ನಮ್ಮ ಲೆಕ್ಕದಲ್ಲಿ ಒಂದು ಹೆಕ್ಟೇರಿನಲ್ಲಿ, ನಿರೀಕ್ಷಿಸಬಹುದಾದ ಪ್ರಭೇದಗಳ ಸಂಖ್ಯೆ.

ಇಲ್ಲೇ ಒಂದು ಗೊಂದಲ ನಿವಾರಿಸಿಕೊಳ್ಳಿ. ವಿಸ್ತೀರ್ಣಕ್ಕೆ ಮಾತ್ರ ಲಾಗ್ ತೆಗೆದು ಪ್ರಭೇದಗಳನ್ನು ಹಾಗೆಯೇ ಬಿಡುವ ಇನ್ನೊಂದು ಮಾದರಿಯೂ ಇದೆ, ಅದು ಗ್ಲೀಸನ್ ಅವರದು. ಅದರ ಇಳಿಜಾರು z ಅಲ್ಲ. ಎಷ್ಟೋ ಪ್ರಬಂಧಗಳಲ್ಲಿ ಚಿತ್ರದ ಅಡ್ಡ ಅಕ್ಷ ಮಾತ್ರ ಲಾಗ್ ಆಗಿದ್ದು, ಪಠ್ಯದಲ್ಲಿ z ಎಂದು ಬರೆದಿರುತ್ತದೆ. ಇಳಿಜಾರು 15 ಅಥವಾ 20 ಎಂದು ಬಂದರೆ ಇದೇ ತಪ್ಪಾಗಿದೆ ಎಂದು ತಿಳಿಯಿರಿ.

ಹಂತ 1: ಎಣಿಕೆಯ ಕ್ರಮ ಯಾವುದೆಂದು ಬರೆದಿಡಿ

ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಇಳಿಜಾರಿನ ಅರ್ಥ ನಿರ್ಧಾರವಾಗುವುದು ಇಲ್ಲಿಯೇ.

ಪ್ರತಿ ತುಣುಕಿನಲ್ಲೂ ಪೂರ್ತಿ ಎಣಿಕೆ ಮಾಡಿದ್ದರೆ, ಉದಾಹರಣೆಗೆ ಎದೆಮಟ್ಟದಲ್ಲಿ ಸುತ್ತಳತೆ 30 ಸೆಂ.ಮೀ. ಮೀರಿದ ಎಲ್ಲ ಮರಗಳನ್ನೂ ಗುರುತಿಸಿದ್ದರೆ, S ಎಂಬುದು ಆ ತುಣುಕಿನ ಒಟ್ಟು ಪ್ರಭೇದಗಳು. ತುಣುಕುಗಳ z ಎಂದು ಸಾಮಾನ್ಯವಾಗಿ ಕರೆಯುವುದು ಇದರಿಂದ ಬಂದ ಇಳಿಜಾರನ್ನು.

ಪ್ರತಿ ತುಣುಕಿನಲ್ಲೂ ಒಂದೇ ಗಾತ್ರದ ಚೌಕ, ಅಂದರೆ ಮಾದರಿ ಪ್ಲಾಟ್, ಹಾಕಿದ್ದರೆ ಕಥೆ ಬೇರೆ. ಆಗ ಚಿಕ್ಕ ಕಾಡಿನಲ್ಲೂ ದೊಡ್ಡ ಕಾಡಿನಲ್ಲೂ ನೀವು ನೋಡಿದ ನೆಲ ಒಂದೇ. ವಿಸ್ತೀರ್ಣಕ್ಕೂ ಪ್ರಭೇದಗಳಿಗೂ ಬೇರೆ ಯಾವ ನಂಟೂ ಇಲ್ಲದಿದ್ದರೆ ಇಳಿಜಾರು ಸೊನ್ನೆಯ ಹತ್ತಿರ ಇರಬೇಕು. ಅದು ಸೊನ್ನೆಗಿಂತ ಸ್ಪಷ್ಟವಾಗಿ ಮೇಲಿದ್ದರೆ, ಚಿಕ್ಕ ತುಣುಕುಗಳ ಒಂದು ಚದರ ಮೀಟರ್ ದೊಡ್ಡ ತುಣುಕುಗಳ ಒಂದು ಚದರ ಮೀಟರಿಗಿಂತ ಬಡವಾಗಿದೆ ಎಂದರ್ಥ. ಇದು ಬಹಳ ಬೆಲೆಬಾಳುವ ಮಾಹಿತಿ. ಆದರೆ ಅದನ್ನು ದ್ವೀಪಗಳ z ಜೊತೆ ಹೋಲಿಸುವಂತಿಲ್ಲ.

ಮೂರನೆಯದು ಅರೆಬರೆ ಎಣಿಕೆ: ಚಿಕ್ಕ ಕಾಡುಗಳನ್ನು ಪೂರ್ತಿ ನೋಡಿ, ದೊಡ್ಡ ಕಾಡುಗಳಲ್ಲಿ ಸಮಯ ಸಿಕ್ಕಷ್ಟು ನೋಡುವುದು. ಹೆಚ್ಚಿನ ಕೆಲಸಗಳು ಆಗುವುದು ಹೀಗೆಯೇ, ಎಡವುವುದೂ ಇಲ್ಲಿಯೇ. ದೊಡ್ಡ ತುಣುಕಿನಲ್ಲಿ ಬಿಟ್ಟುಹೋದ ಪ್ರಭೇದಗಳು ಗೆರೆಯ ಬಲತುದಿಯನ್ನು ಕೆಳಗೆ ಎಳೆಯುತ್ತವೆ, ಇಳಿಜಾರು ಚಪ್ಪಟೆಯಾಗುತ್ತದೆ. ಕಂಡುಹಿಡಿಯುವ ಬಗೆ ಸುಲಭ. ಪ್ರತಿ ತುಣುಕಿಗೂ ನೋಡಿದ ಮರಗಳ ಸಂಖ್ಯೆ ಅಡ್ಡಕ್ಕೆ, ಹೊಸದಾಗಿ ಸಿಕ್ಕ ಪ್ರಭೇದಗಳ ಒಟ್ಟು ಮೊತ್ತ ಉದ್ದಕ್ಕೆ ಇಟ್ಟು ಸಂಚಯ ರೇಖೆ ಎಳೆಯಿರಿ. ಚಿಕ್ಕ ಕಾಡುಗಳ ರೇಖೆ ಮಟ್ಟಸವಾಗಿ, ದೊಡ್ಡ ಕಾಡುಗಳ ರೇಖೆ ಇನ್ನೂ ಏರುತ್ತಲೇ ಇದ್ದರೆ ನಿಮ್ಮ z ಕಾಡಿನ ಗುಣವನ್ನು ಹೇಳುವುದಿಲ್ಲ, ನಿಮ್ಮ ಕಾಲಿನ ದಣಿವನ್ನು ಹೇಳುತ್ತದೆ. ಆಗ ಮತ್ತೆ ಹೋಗಿ ಎಣಿಸಿ. ಅದು ಆಗದಿದ್ದರೆ, ಎಲ್ಲ ತುಣುಕುಗಳನ್ನೂ ಒಂದೇ ಮಟ್ಟದ ಸಂಪೂರ್ಣತೆಗೆ ತಂದು ಹೋಲಿಸುವ, ಆರ್ ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯ `iNEXT` ಪ್ಯಾಕೇಜಿನಂತಹ ಸಾಧನ ಬಳಸಿ.

ವಿಸ್ತೀರ್ಣದ ಬಗ್ಗೆಯೂ ಒಂದು ಎಚ್ಚರಿಕೆ. ಕಂದಾಯ ದಾಖಲೆಯಲ್ಲಿರುವ ವಿಸ್ತೀರ್ಣಕ್ಕೂ ನೆಲದ ಮೇಲೆ ಉಳಿದ ಕಾಡಿಗೂ ಬಹಳ ವ್ಯತ್ಯಾಸ ಇರಬಹುದು. ಅಂಚು ಒತ್ತುವರಿಯಾಗಿರುತ್ತದೆ, ಒಂದು ಮೂಲೆಯಲ್ಲಿ ದೇವಸ್ಥಾನದ ಅಂಗಳ, ರಸ್ತೆ ಬಂದಿರುತ್ತದೆ. ಊರಿನ ಮುಖ್ಯಸ್ಥರಾದ ತಕ್ಕರ ಅನುಮತಿ ಪಡೆದು, ಜಿಪಿಎಸ್ ಹಿಡಿದು ಮರಗಳಿರುವ ಅಂಚನ್ನೇ ಸುತ್ತಿ ಬನ್ನಿ. ವಿಸ್ತೀರ್ಣದ ಅಳತೆಯಲ್ಲಿ ಹಿಂದುಮುಂದಾದ ತಪ್ಪುಗಳಿದ್ದರೆ ಸಾಮಾನ್ಯ ರಿಗ್ರೆಷನ್, ಅಂದರೆ ಬಿಂದುಗಳ ನಡುವೆ ಅತಿ ಹೊಂದುವ ಗೆರೆ ಹುಡುಕುವ ವಿಧಾನ, ಇಳಿಜಾರನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಎಕರೆ ಸೆಂಟುಗಳ ಲೆಕ್ಕವನ್ನು ಹೆಕ್ಟೇರಿಗೆ ತಿರುಗಿಸುವಾಗ (1 ಎಕರೆ = 0.4047 ಹೆಕ್ಟೇರ್) ಒಂದೆರಡು ಸಾಲು ತಪ್ಪಿದರೂ ಸಾಕು, ಗೆರೆ ಎಲ್ಲಿಗೋ ಹೋಗುತ್ತದೆ.

ಹಂತ 2: ಪಟ್ಟಿ ಸಿದ್ಧಮಾಡಿ

ಹತ್ತು ದೇವರಕಾಡುಗಳು, ಪೂರ್ತಿ ಎಣಿಕೆ. ಮೂರನೆಯ ಕಾಲಂ ಏಕೆಂದು ಹಂತ 6ರಲ್ಲಿ ಹೇಳುತ್ತೇನೆ.

| ವಿಸ್ತೀರ್ಣ (ಹೆಕ್ಟೇರ್) | ಎಲ್ಲ ಮರ ಪ್ರಭೇದಗಳು | ಅಪ್ಪಟ ಕಾಡಿನ ಪ್ರಭೇದಗಳು |
|---|---|---|
| 0.2 | 21 | 6 |
| 0.4 | 27 | 10 |
| 0.6 | 25 | 9 |
| 1.0 | 33 | 14 |
| 1.5 | 30 | 12 |
| 2.5 | 36 | 17 |
| 4.0 | 42 | 21 |
| 6.0 | 38 | 20 |
| 10.0 | 44 | 24 |
| 20.0 | 53 | 33 |

ಇದನ್ನು `area`, `all`, `forest` ಎಂಬ ತಲೆಬರಹಗಳೊಂದಿಗೆ `devarakadu.csv` ಎಂದು ಉಳಿಸಿಕೊಳ್ಳಿ. ವಿಸ್ತೀರ್ಣದ ವ್ಯಾಪ್ತಿಯನ್ನು ಗಮನಿಸಿ: 0.2ರಿಂದ 20, ಅಂದರೆ ನೂರು ಪಟ್ಟು. ಎರಡು ಹೆಕ್ಟೇರಿನಿಂದ ಐದು ಹೆಕ್ಟೇರಿನವರೆಗಿನ ತುಣುಕುಗಳು ಮಾತ್ರ ಇದ್ದರೆ ಈ ಲೆಕ್ಕಕ್ಕೆ ಕೈಹಾಕದಿರುವುದೇ ಮೇಲು. ಲಾಗ್ ಅಳತೆಯಲ್ಲಿ ಅಷ್ಟು ಕಿರಿದಾದ ವ್ಯಾಪ್ತಿಯ ಮೇಲೆ ಎಳೆದ ಗೆರೆ ಒಂದೇ ಬಿಂದುವಿನ ಮಾತು ಕೇಳಿ ಅತ್ತಿತ್ತ ವಾಲುತ್ತದೆ.

ಹಂತ 3: ಮೊದಲು ಚಿತ್ರ, ಆಮೇಲೆ ಗೆರೆ

```r
d <- read.csv("devarakadu.csv")
plot(log10(d$area), log10(d$all))
```

ಬಿಂದುಗಳು ನೆಟ್ಟಗಿನ ಪಟ್ಟಿಯಂತೆ ಹರಡಿವೆಯೇ ನೋಡಿ. ಎಡಭಾಗದಲ್ಲಿ, ಅತಿ ಚಿಕ್ಕ ತುಣುಕುಗಳಲ್ಲಿ, ಬಿಂದುಗಳು ಏರದೆ ಮಟ್ಟಸವಾಗಿ ಚದುರಿದ್ದರೆ ಅದಕ್ಕೆ ಸಣ್ಣ ದ್ವೀಪ ಪರಿಣಾಮ ಎನ್ನುತ್ತಾರೆ: ಒಂದು ಮಿತಿಗಿಂತ ಕೆಳಗೆ ವಿಸ್ತೀರ್ಣಕ್ಕಿಂತ ಆಕಸ್ಮಿಕಗಳದೇ ಆಟ. ಆ ಭಾಗವನ್ನೂ ಸೇರಿಸಿ ಒಂದೇ ಗೆರೆ ಎಳೆದರೆ ಇಳಿಜಾರು ಕೃತಕವಾಗಿ ತಗ್ಗುತ್ತದೆ. ನಮ್ಮ ಹತ್ತು ಬಿಂದುಗಳಲ್ಲಿ ಅಂಥದ್ದು ಕಾಣುವುದಿಲ್ಲ.

ಲಾಗ್ ಯಾವ ಆಧಾರದ್ದು ಎಂಬ ಪ್ರಶ್ನೆ ಅನೇಕರನ್ನು ಕಾಡುತ್ತದೆ. 10 ಆಧಾರದ್ದಾದರೂ ಸರಿ, ಸ್ವಾಭಾವಿಕ ಲಾಗ್ ಆದರೂ ಸರಿ, ಎರಡೂ ಅಕ್ಷಗಳಿಗೆ ಒಂದೇ ಇದ್ದರೆ z ಬದಲಾಗುವುದಿಲ್ಲ. ಆದರೆ ಆರ್ ಭಾಷೆಯಲ್ಲಿ `log()` ಎಂದರೆ ಸ್ವಾಭಾವಿಕ ಲಾಗ್, ಎಕ್ಸೆಲ್‌ನಲ್ಲಿ `LOG()` ಎಂದರೆ 10 ಆಧಾರದ್ದು. ಒಂದು ಕಾಲಂ ಅಲ್ಲಿ, ಇನ್ನೊಂದು ಇಲ್ಲಿ ಮಾಡಿದರೆ ಇಳಿಜಾರು 2.303 ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಎರಡೂ ಕಡೆ `log10` ಎಂದೇ ಬರೆಯುವ ರೂಢಿ ಮಾಡಿಕೊಳ್ಳಿ.

ಹಂತ 4: ಗೆರೆ ಕೂಡಿಸಿ

```r
m1 <- lm(log10(all) ~ log10(area), data = d)
coef(m1)
confint(m1)
```

ಎಕ್ಸೆಲ್ ಬಳಸುವವರು ಲಾಗ್ ಕಾಲಂಗಳನ್ನು ಮಾಡಿಕೊಂಡು `SLOPE` ಮತ್ತು `INTERCEPT` ಸೂತ್ರಗಳನ್ನು ಹಾಕಿದರೆ ಸಾಕು. ಉತ್ತರ: ಇಳಿಜಾರು z = 0.186, ಗೆರೆ ಲಂಬ ಅಕ್ಷವನ್ನು ಕತ್ತರಿಸುವ ಜಾಗ, ಅಂದರೆ ಛೇದ, 1.473. ಛೇದವನ್ನು ಹಾಗೆಯೇ c ಎಂದು ಬರೆಯಬೇಡಿ, ಅದು c-ಯ ಲಾಗ್. 10^1.473 ಮಾಡಿದರೆ c = 29.7. ಅಂದರೆ ಒಂದು ಹೆಕ್ಟೇರಿನ ದೇವರಕಾಡಿನಲ್ಲಿ ಸುಮಾರು 30 ಪ್ರಭೇದಗಳನ್ನು ನಿರೀಕ್ಷಿಸಬಹುದು.

z-ಗೆ ಶೇ 95ರ ವಿಶ್ವಾಸ ಮಿತಿ, ಅಂದರೆ ಈ ದತ್ತಾಂಶ ಒಪ್ಪುವ ಮೌಲ್ಯಗಳ ಹರವು, 0.15ರಿಂದ 0.23. ಹತ್ತು ತುಣುಕುಗಳಿಂದ ಇಷ್ಟೇ ನಿಖರತೆ ಸಿಗುವುದು. “ನಮ್ಮದು 0.19, ಪಕ್ಕದ ತಾಲ್ಲೂಕಿನದು 0.22, ಆದ್ದರಿಂದ ಅಲ್ಲಿ ಪರಿಸ್ಥಿತಿ ಕೆಟ್ಟಿದೆ” ಎಂದು ಬರೆಯುವ ಮೊದಲು ಈ ಮಿತಿಯನ್ನು ನೋಡಿ. ಗೆರೆ ಬಿಂದುಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಹೇಳುವ R² ಇಲ್ಲಿ 0.93. ಅದನ್ನು ವರದಿ ಮಾಡಿ, ಆದರೆ ಅದರ ಬಗ್ಗೆ ಹಿಗ್ಗಬೇಡಿ. ವಿಸ್ತೀರ್ಣ ನೂರು ಪಟ್ಟು ಹರಡಿದ್ದಾಗ R² ತಾನಾಗಿಯೇ ಚೆನ್ನಾಗಿ ಬರುತ್ತದೆ.

ಘಟಕದ ಪರೀಕ್ಷೆಯನ್ನೂ ಒಮ್ಮೆ ಮಾಡಿ ನೋಡಿ. ಹೆಕ್ಟೇರನ್ನು ಚದರ ಮೀಟರಿಗೆ ತಿರುಗಿಸಿ ಮತ್ತೆ ಗೆರೆ ಎಳೆದರೆ z ಅದೇ 0.186, ಆದರೆ c 29.7ರಿಂದ 5.4ಕ್ಕೆ ಇಳಿಯುತ್ತದೆ, ಏಕೆಂದರೆ ಈಗ ಅದು ಒಂದು ಚದರ ಮೀಟರಿನ ಲೆಕ್ಕ. ಒಂದು ಚದರ ಮೀಟರಿನಲ್ಲಿ ಐದು ಬಗೆಯ ಮರಗಳು ನಿಲ್ಲಲಾರವು! ದತ್ತಾಂಶದ ವ್ಯಾಪ್ತಿಯ ಆಚೆಗೆ ಗೆರೆಯನ್ನು ಚಾಚಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಬೇರೆಯವರ c ಜೊತೆ ನಿಮ್ಮ c ಹೋಲಿಸುವಾಗ ಘಟಕ ಒಂದೇ ಇರಬೇಕೆಂಬುದೂ ಇದೇ ಕಾರಣಕ್ಕೆ.

ಕೆಲವು ತುಣುಕುಗಳಲ್ಲಿ ಪ್ರಭೇದ ಸಂಖ್ಯೆ ಸೊನ್ನೆ ಇದ್ದರೆ ಲಾಗ್ ತೆಗೆಯಲಾಗದು. ಆಗ ಎಲ್ಲದಕ್ಕೂ 1 ಕೂಡಿಸುವ ಹಳೆಯ ಉಪಾಯ ಬೇಡ. ಕೂಡಿಸಿದ 1 ಚಿಕ್ಕ ಸಂಖ್ಯೆಗಳನ್ನು ಹೆಚ್ಚು, ದೊಡ್ಡ ಸಂಖ್ಯೆಗಳನ್ನು ಕಡಿಮೆ ಎತ್ತುವುದರಿಂದ ಇಳಿಜಾರು ತಗ್ಗುತ್ತದೆ. ಸೊನ್ನೆಯ ತುಣುಕುಗಳನ್ನು ಕೈಬಿಡುವುದು ಅದಕ್ಕಿಂತ ಕೆಟ್ಟದ್ದು, ಖಾಲಿಯಾದ ಕಾಡುಗಳೇ ಅಲ್ಲವೇ ಮುಖ್ಯ ಸಾಕ್ಷಿ? ಅದರ ಬದಲು ಇದನ್ನು ಬಳಸಿ:

```r
m0 <- glm(forest ~ log(area), family = poisson, data = d)
```

ಇದು ಎಣಿಕೆಗಳಿಗೆಂದೇ ಇರುವ ಪ್ವಾಸಾನ್ ಮಾದರಿ, ಸೊನ್ನೆಯನ್ನು ಸಹಜವಾಗಿ ಒಪ್ಪುತ್ತದೆ. ಇಲ್ಲಿ ಎಡಗಡೆ ಲಾಗ್ ಒಳಗೇ ಅಡಗಿದೆ, ಅದು ಸ್ವಾಭಾವಿಕ ಲಾಗ್. ಆದ್ದರಿಂದ ಬಲಗಡೆಯೂ `log()` ಇರಬೇಕು, `log10()` ಅಲ್ಲ. ಸಿಗುವ ಇಳಿಜಾರು ನೇರವಾಗಿ z.

ಹಂತ 5: ಗೆರೆಯಿಂದ ದೂರ ನಿಂತ ಕಾಡುಗಳನ್ನು ಮಾತನಾಡಿಸಿ

ಪ್ರತಿ ಬಿಂದು ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದೇ ಶೇಷ. ನಮ್ಮ ಪಟ್ಟಿಯಲ್ಲಿ 1 ಹೆಕ್ಟೇರಿನ ಕಾಡಿನ ಶೇಷ +0.046. ಲಾಗ್‌ನಿಂದ ಹಿಂದಿರುಗಿಸಿದರೆ 10^0.046 = 1.11, ಅಂದರೆ ವಿಸ್ತೀರ್ಣಕ್ಕೆ ತಕ್ಕ ನಿರೀಕ್ಷೆಗಿಂತ ಶೇ 11ರಷ್ಟು ಹೆಚ್ಚು ಪ್ರಭೇದಗಳು. 6 ಹೆಕ್ಟೇರಿನ ಕಾಡಿನ ಶೇಷ −0.038, ಅಂದರೆ ಶೇ 8ರಷ್ಟು ಕಡಿಮೆ. ಕ್ಷೇತ್ರಕ್ಕೆ ಹಿಂದಿರುಗಿ ಹೋಗುವುದಾದರೆ ಈ ಎರಡಕ್ಕೆ ಮೊದಲು ಹೋಗಿ. ಒಂದರಲ್ಲಿ ಹೊಳೆ ಹರಿಯುತ್ತಿರಬಹುದು, ಮೀಸಲು ಅರಣ್ಯ ಹತ್ತಿರವಿರಬಹುದು. ಇನ್ನೊಂದರಲ್ಲಿ ದನ ಮೇಯುವುದು, ಸೌದೆ ಕಡಿಯುವುದು ನಡೆದಿರಬಹುದು. ಯಾವ ಕಾಡನ್ನು ಮೊದಲು ಕಾಪಾಡಬೇಕು ಎಂದು ಕೇಳುವವರಿಗೆ ಇಳಿಜಾರಿಗಿಂತ ಶೇಷಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ.

ಜೊತೆಗೆ ಅತಿ ದೊಡ್ಡ ತುಣುಕಿನ ಹಿಡಿತವನ್ನು ಪರೀಕ್ಷಿಸಿ. 20 ಹೆಕ್ಟೇರಿನ ಕಾಡಿನಲ್ಲಿ 53ರ ಬದಲು 45 ಪ್ರಭೇದಗಳಷ್ಟೇ ಸಿಕ್ಕಿದ್ದರೆ z 0.186ರಿಂದ 0.166ಕ್ಕೆ ಇಳಿಯುತ್ತಿತ್ತು. ಒಂದೇ ಕಾಡಿನ ಅಪೂರ್ಣ ಎಣಿಕೆ ಇಷ್ಟು ಮಾಡಬಲ್ಲದು. ಒಂದೊಂದು ಕಾಡನ್ನೂ ಸರದಿಯಂತೆ ತೆಗೆದು ಗೆರೆ ಎಳೆದು ನೋಡಿ. ಯಾವುದೋ ಒಂದನ್ನು ತೆಗೆದಾಗ ಇಳಿಜಾರು ತುಂಬ ಜಿಗಿದರೆ ಆ ಕಾಡಿನ ಎಣಿಕೆಯನ್ನು ಮತ್ತೆ ಪರಿಶೀಲಿಸಿ.

ಹಂತ 6: ಸುತ್ತಲಿನ ತೋಟವನ್ನು ಲೆಕ್ಕದಿಂದ ಹೊರಗಿಡಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. 0.19 ಬಂತು. ಪುಸ್ತಕ ತೆರೆದರೆ ದ್ವೀಪಗಳಿಗೆ z ಸಾಮಾನ್ಯವಾಗಿ 0.2ರಿಂದ 0.35, ಅಖಂಡ ಭೂಭಾಗದ ಒಳಗೇ ತೆಗೆದುಕೊಂಡ ಚಿಕ್ಕ–ದೊಡ್ಡ ಮಾದರಿಗಳಿಗೆ 0.1ರಿಂದ 0.2 ಎಂದು ಇರುತ್ತದೆ. 1962ರಲ್ಲಿ ಪ್ರೆಸ್ಟನ್ ಗಣಿತದಿಂದ ಪಡೆದ 0.26 ಎಂಬ ಮೌಲ್ಯವೂ ಪ್ರಸಿದ್ಧ. ಹಾಗಾದರೆ 0.19 ಇದ್ದ ಮೇಲೆ ಈ ದೇವರಕಾಡುಗಳು ದ್ವೀಪಗಳಾಗಿಲ್ಲ, ಇನ್ನೂ ಒಂದೇ ಕಾಡಿನಂತೆ ಬೆಸೆದುಕೊಂಡಿವೆ ಎಂದು ಬರೆದುಬಿಡಬಹುದೇ?

ಬರೆಯಬೇಡಿ. ದ್ವೀಪದ ಸುತ್ತ ಕಡಲಿದೆ, ಅಲ್ಲಿ ಮರ ಬೆಳೆಯುವುದಿಲ್ಲ. ದೇವರಕಾಡಿನ ಸುತ್ತ ಕಾಫಿ ತೋಟವಿದೆ, ಅಲ್ಲಿ ನೆರಳಿಗೆಂದು ಉಳಿಸಿಕೊಂಡ ಹಲಸು, ಅತ್ತಿ, ನಂದಿ, ಹೊನ್ನೆ ಇವೆ, ನೆಟ್ಟ ಸಿಲ್ವರ್ ಓಕ್ ಇದೆ. ತೋಟದಲ್ಲೂ ಬದುಕಬಲ್ಲ ಪ್ರಭೇದಗಳಿಗೆ ದೇವರಕಾಡು ಚಿಕ್ಕದೋ ದೊಡ್ಡದೋ ಎಂಬುದು ಲೆಕ್ಕಕ್ಕಿಲ್ಲ. ಕಾಲು ಹೆಕ್ಟೇರಿನ ಕಾಡಿಗೂ ಅವುಗಳ ಬೀಜ ಬಂದು ಬೀಳುತ್ತಲೇ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಎರಡನೆಯ ಕಾಲಂನಿಂದ ಮೂರನೆಯದನ್ನು ಕಳೆಯಿರಿ: 15, 17, 16, 19, 18, 19, 21, 18, 20, 20. ವಿಸ್ತೀರ್ಣ ನೂರು ಪಟ್ಟು ಏರಿದರೂ ಈ ಸಾಲು ಹೆಚ್ಚು ಕಡಿಮೆ ಕದಲಿಲ್ಲ. ಚಿಕ್ಕ ಕಾಡುಗಳ ಸಂಖ್ಯೆಯನ್ನು ಎತ್ತಿ ಹಿಡಿದು ಇಳಿಜಾರನ್ನು ಚಪ್ಪಟೆ ಮಾಡುತ್ತಿರುವುದು ಇದೇ.

ಈಗ ಅಪ್ಪಟ ಕಾಡಿನ ಪ್ರಭೇದಗಳಿಗೆ ಮಾತ್ರ ಗೆರೆ ಎಳೆಯಿರಿ:

```r
m2 <- lm(log10(forest) ~ log10(area), data = d)
coef(m2)
confint(m2)
```

z = 0.340, ವಿಶ್ವಾಸ ಮಿತಿ 0.28ರಿಂದ 0.40, c = 11.8. ದ್ವೀಪಗಳ ವ್ಯಾಪ್ತಿಯ ಮೇಲ್ತುದಿಗೆ ಬಂದೆವು. ಅದೇ ಹತ್ತು ಕಾಡುಗಳು, ಅದೇ ಎಣಿಕೆ. ಸಾಧಾರಣ ಮರಗಳಿಗೆ ಈ ಭೂದೃಶ್ಯ ಒಂದೇ ಹಾಸಿನಂತಿದೆ, ಕಾಡನ್ನೇ ನಂಬಿದ ಮರಗಳಿಗೆ ಬೇರೆ ಬೇರೆ ನಡುಗಡ್ಡೆಗಳಂತಿದೆ. “ಎಲ್ಲ ಪ್ರಭೇದಗಳು” ಎಂದು ಕೂಡಿಸಿದ z ಇವೆರಡರ ಕಲಬೆರಕೆ, ಯಾವ ಗುಂಪಿನ ಸ್ಥಿತಿಯನ್ನೂ ಅದು ಸರಿಯಾಗಿ ಹೇಳುವುದಿಲ್ಲ. ವರದಿಯಲ್ಲಿ ಎರಡನ್ನೂ ಬೇರೆಯಾಗಿಯೇ ಕೊಡಿ.

ಈ ಹಂತದಲ್ಲಿ ಎಲ್ಲಕ್ಕಿಂತ ದೊಡ್ಡ ಹೊಂಡ ಯಾವುದೆಂದರೆ, ಅಪ್ಪಟ ಕಾಡಿನ ಪ್ರಭೇದ ಯಾವುದು ಎಂಬುದನ್ನು ಇದೇ ಪಟ್ಟಿ ನೋಡಿ ತೀರ್ಮಾನಿಸುವುದು. “ದೊಡ್ಡ ದೇವರಕಾಡುಗಳಲ್ಲಿ ಮಾತ್ರ ಸಿಕ್ಕಿತು, ಆದ್ದರಿಂದ ಇದು ಕಾಡಿನ ಪ್ರಭೇದ” ಎಂದು ವಿಂಗಡಿಸಿದರೆ ಇಳಿಜಾರು ಕಡಿದಾಗಿ ಬರಲೇಬೇಕು, ನೀವೇ ಅದನ್ನು ಹಾಗೆ ಕಟ್ಟಿದ್ದೀರಿ. ವಿಂಗಡಣೆಗೆ ಹೊರಗಿನ ಆಧಾರ ಬೇಕು. ಸುತ್ತಲಿನ ತೋಟಗಳಲ್ಲೇ ಕೆಲವು ಚೌಕಗಳನ್ನು ಎಣಿಸಿ, ಅಲ್ಲಿ ಸಿಕ್ಕ ಪ್ರಭೇದಗಳನ್ನು ತೋಟ ಒಪ್ಪುವವು ಎಂದೂ, ಹತ್ತಿರದ ಮೀಸಲು ಅರಣ್ಯದಲ್ಲಿದ್ದು ತೋಟಗಳಲ್ಲಿ ಸಿಗದವುಗಳನ್ನು ಕಾಡಿನವು ಎಂದೂ ಗುರುತಿಸಿ. ಗೆರೆ ಎಳೆಯುವ ಮೊದಲೇ ಈ ಪಟ್ಟಿಗೆ ಬೀಗ ಹಾಕಿ, ಆಮೇಲೆ ತಿದ್ದಬೇಡಿ.

ಹಂತ 7: ಇಳಿಜಾರನ್ನು ಮಾತಿಗೆ ತನ್ನಿ

z = 0.34 ಎಂದರೆ ಕೇಳಿದವರಿಗೆ ಏನೂ ಹೊಳೆಯುವುದಿಲ್ಲ. ಅರ್ಧ ಗಾತ್ರದ ಕಾಡಿನ ಲೆಕ್ಕ ಕೊಡಿ. 0.5^0.34 = 0.79: ಒಂದು ದೇವರಕಾಡಿಗಿಂತ ಅರ್ಧ ವಿಸ್ತೀರ್ಣದ ಇನ್ನೊಂದರಲ್ಲಿ ಕಾಡಿನ ಪ್ರಭೇದಗಳು ಸರಾಸರಿ ಶೇ 21ರಷ್ಟು ಕಡಿಮೆ. z = 0.186ಕ್ಕೆ ಇದೇ ಲೆಕ್ಕ ಶೇ 12. ಹತ್ತರಲ್ಲೊಂದು ಗಾತ್ರದ ಕಾಡಾದರೆ 0.1^0.34 = 0.46, ಅರ್ಧಕ್ಕಿಂತ ಕಡಿಮೆ.

ವಾಕ್ಯದ ರಚನೆಯನ್ನು ಗಮನಿಸಿ. “ಅರ್ಧ ಗಾತ್ರದ ಇನ್ನೊಂದು ಕಾಡಿನಲ್ಲಿ ಕಡಿಮೆ ಇವೆ” ಎಂದೆ. “ಈ ಕಾಡನ್ನು ಅರ್ಧ ಕಡಿದರೆ ಇಷ್ಟು ನಾಶವಾಗುತ್ತವೆ” ಎನ್ನಲಿಲ್ಲ. ಎರಡನೆಯದು ಬೇರೆಯೇ ಪ್ರಶ್ನೆ. ಗೆರೆಯನ್ನು ಹಿಂದಕ್ಕೆ ಓದಿ ಅಳಿವನ್ನು ಊಹಿಸುವ ರೂಢಿ ಹಳೆಯದು. 2011ರಲ್ಲಿ ಹೆ ಮತ್ತು ಹಬ್ಬೆಲ್ ಎಂಬ ಪರಿಸರ ವಿಜ್ಞಾನಿಗಳು ಅದರ ದೋಷವನ್ನು ಎತ್ತಿ ತೋರಿಸಿದರು. ಒಂದು ಪ್ರಭೇದ ಲೆಕ್ಕಕ್ಕೆ ಸೇರಲು ಅದರ ಮೊದಲ ಮರ ಸಿಕ್ಕರೆ ಸಾಕು. ಅದು ಅಳಿಯಲು ಕೊನೆಯ ಮರವೂ ಹೋಗಬೇಕು. ಮೊದಲ ಮರ ಸಿಗಲು ಬೇಕಾದ ನೆಲಕ್ಕಿಂತ ಕೊನೆಯ ಮರ ಹೋಗಲು ಕಡಿಯಬೇಕಾದ ನೆಲ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಎಣಿಕೆಯ ಗೆರೆಯನ್ನು ಹಿಂದಕ್ಕೆ ಓದಿದರೆ ಕಡಿದ ಕೂಡಲೇ ಆಗುವ ನಷ್ಟ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಈ ವಾದದ ಬಗ್ಗೆ ತಕರಾರುಗಳು ಬಂದಿವೆ, ಚರ್ಚೆ ಮುಗಿದಿಲ್ಲ. ಆದರೆ ಹೋಲಿಕೆಯ ವಾಕ್ಯ ಬರೆದವರಿಗೆ ಆ ಚರ್ಚೆಯ ಬಿಸಿ ತಟ್ಟುವುದಿಲ್ಲ.

ಇನ್ನೊಂದು ಮಗ್ಗುಲಲ್ಲಿ, ಮರಗಳ z ಪರಿಸ್ಥಿತಿಯನ್ನು ಇರುವುದಕ್ಕಿಂತ ಚೆನ್ನಾಗಿಯೂ ತೋರಿಸಬಹುದು. ಕೊಡಗಿನಲ್ಲಿ ಕಾಫಿ ತೋಟಗಳು ಹಬ್ಬತೊಡಗಿದ್ದು 19ನೇ ಶತಮಾನದ ಮಧ್ಯಭಾಗದಿಂದ. ಇಂದಿನ ದೇವರಕಾಡಿನ ದೊಡ್ಡ ಮರಗಳಲ್ಲಿ ಕೆಲವು, ಸುತ್ತ ಇನ್ನೂ ಕಾಡಿದ್ದ ಕಾಲದಲ್ಲಿ ಮೊಳೆತವು. ಮರ ನಿಂತಿದೆ, ಆದರೆ ಅದರ ಕೆಳಗೆ ಅದರದೇ ಸಸಿ ಇಲ್ಲದಿದ್ದರೆ ಆ ಪ್ರಭೇದ ಅಲ್ಲಿಂದ ಹೋಗುವುದು ಖಚಿತ, ದಿನ ಮಾತ್ರ ಗೊತ್ತಿಲ್ಲ. ಹೀಗೆ ತೀರಿಸಬೇಕಾಗಿ ಉಳಿದಿರುವ ನಷ್ಟಕ್ಕೆ ಅಳಿವಿನ ಸಾಲ ಎನ್ನುತ್ತಾರೆ. ಅದನ್ನು ಅಳೆಯಲು ಒಂದು ದಾರಿಯಿದೆ: ಅದೇ ಕಾಡುಗಳಲ್ಲಿ ಸಸಿಗಳನ್ನೂ ಎಣಿಸಿ, ಕಾಡಿನ ಪ್ರಭೇದಗಳಿಗೆ ಮಾತ್ರ, ಅದಕ್ಕೊಂದು ಪ್ರತ್ಯೇಕ ಗೆರೆ ಎಳೆಯಿರಿ. ಸಸಿಗಳ ಇಳಿಜಾರು ಮರಗಳ ಇಳಿಜಾರಿಗಿಂತ ಕಡಿದಾಗಿದ್ದರೆ ಚಿಕ್ಕ ಕಾಡುಗಳಲ್ಲಿ ಮರುಹುಟ್ಟು ನಿಂತಿದೆ ಎಂಬ ಸೂಚನೆ. ಸಸಿಗಳನ್ನು ಪೂರ್ತಿ ಎಣಿಸಲಾಗದು, ಚೌಕ ಹಾಕಲೇಬೇಕು. ಆಗ ಹಂತ 1ರಲ್ಲಿ ಹೇಳಿದಂತೆ ಮರಗಳನ್ನೂ ಅದೇ ಚೌಕಗಳಲ್ಲಿ ಎಣಿಸಿಯೇ ಹೋಲಿಸಬೇಕು.

ಹಂತ 8: “ದೊಡ್ಡದು ಒಂದು ಸಾಕೇ?” ಎಂದು ಕೇಳಿದರೆ

ಕಡಿದಾದ ಇಳಿಜಾರು ತೋರಿಸಿದ ಕೂಡಲೇ ಯಾರಾದರೂ ಒಬ್ಬರು ಕೇಳುತ್ತಾರೆ: ಹಾಗಾದರೆ ಚಿಕ್ಕವನ್ನೆಲ್ಲ ಬಿಟ್ಟು ದೊಡ್ಡ ಕಾಡೊಂದನ್ನು ಕಾಪಾಡಿದರಾಗದೇ? z ಈ ಪ್ರಶ್ನೆಗೆ ಉತ್ತರಿಸಲಾರದು. ಅದಕ್ಕೆ ಗೊತ್ತಿರುವುದು ಒಂದೊಂದು ಕಾಡಿನಲ್ಲೂ ಎಷ್ಟು ಪ್ರಭೇದಗಳಿವೆ ಎಂಬುದು ಮಾತ್ರ. ಯಾವುವು ಇವೆ, ಒಂದರಲ್ಲಿರುವುದು ಇನ್ನೊಂದರಲ್ಲೂ ಇದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

ಇದಕ್ಕೆ ಪ್ರಭೇದಗಳ ಹೆಸರು ಸಹಿತ ಪಟ್ಟಿ ಬೇಕು. ಕಾಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಒಂದೊಂದನ್ನೇ ಸೇರಿಸುತ್ತ ಒಟ್ಟು ವಿಸ್ತೀರ್ಣವನ್ನೂ ಒಟ್ಟು ಪ್ರಭೇದಗಳನ್ನೂ ಕೂಡಿಸುತ್ತ ಹೋಗಿ. ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಅದನ್ನೇ ಮಾಡಿ. ಎರಡೂ ರೇಖೆಗಳನ್ನು ಒಂದೇ ಚಿತ್ರದಲ್ಲಿ ಎಳೆಯಿರಿ. ನಮ್ಮ ಪಟ್ಟಿಯ ಚಿಕ್ಕ ಎಂಟು ಕಾಡುಗಳನ್ನು ಕೂಡಿಸಿದರೆ 16.2 ಹೆಕ್ಟೇರ್, ಅತಿ ದೊಡ್ಡ ಕಾಡೊಂದೇ 20 ಹೆಕ್ಟೇರ್. ಆ ಎಂಟರಲ್ಲಿ ಒಟ್ಟಾಗಿ 33ಕ್ಕಿಂತ ಹೆಚ್ಚು ಕಾಡಿನ ಪ್ರಭೇದಗಳಿದ್ದರೆ, z ಎಷ್ಟೇ ಕಡಿದಾಗಿರಲಿ, ಕಡಿಮೆ ನೆಲದಲ್ಲಿ ಹೆಚ್ಚು ಬಗೆಯನ್ನು ಹಿಡಿದಿರುವುದು ಚಿಕ್ಕವೇ. ಚಿಕ್ಕ ಕಾಡುಗಳಲ್ಲಿರುವುದೆಲ್ಲ ದೊಡ್ಡದರಲ್ಲೂ ಇದ್ದರೆ ರೇಖೆಗಳು ಅದನ್ನೂ ತೋರಿಸುತ್ತವೆ. ಪ್ರಭೇದಗಳ ಹೆಸರಿಲ್ಲದೆ ಬರೀ ಸಂಖ್ಯೆಗಳಷ್ಟೇ ನಿಮ್ಮ ಬಳಿ ಇದ್ದರೆ ಈ ಪ್ರಶ್ನೆಗೆ ಉತ್ತರ ಕೊಡಲು ಒಪ್ಪಿಕೊಳ್ಳಬೇಡಿ.